ರಾಜೀನಾಮೆಯ ಕೊನೆಗೆ ನಾನು ಸೇರಿಸಿದ ಸಾಲು

ತಮಿಳುನಾಡಿನ ಗಡಿಯೊಳಗೆ, ಅಂಚೆಟ್ಟಿ ಕಡೆಯ ನಮ್ಮ ಕನ್ನಡದ ಹಳ್ಳಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ. ಬಸ್ಸಿಲ್ಲದ ದಿನ ನಡೆದೇ ಹೋಗಿ ಓದಿದ್ದೀನಿ. ಅಕ್ಕ ಹೈಸ್ಕೂಲು ಬಿಟ್ಟು ಫ್ಯಾಕ್ಟರಿಗೆ ಸೇರಿ ನನ್ನ ಫೀಸು ಕಟ್ಟಿದಳು. ಓದು ಬಂದ ಮೇಲೆ ಊರಿನವರ ಅರ್ಜಿಗಳೆಲ್ಲ ನನ್ನ ಪಾಲಾದವು. ಪಿಂಚಣಿ, ಜಮೀನಿನ ಪಟ್ಟಾ, ರೇಷನ್ ಕಾರ್ಡು, ಎಲ್ಲ ತಮಿಳಲ್ಲಿ ಬರೆದುಕೊಡುತ್ತಿದ್ದೆ. ಯಾವ ಅರ್ಜಿಯಾದರೂ ಕೊನೆಗೊಂದು ಸಾಲು ಇರಲೇಬೇಕಿತ್ತು: ತಾವು ಹೇಗೆ ತೀರ್ಮಾನಿಸಿದರೂ ನಮಗೆ ಒಪ್ಪಿಗೆ. ಅದಿಲ್ಲದಿದ್ದರೆ ಹಿರಿಯರು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಸಾಹೇಬರಿಗೆ ಸಿಟ್ಟು ಬಂದರೆ ಕಾಗದ ಮೂಲೆಗೆ ಹೋಗುತ್ತೆ ಅನ್ನೋ ಭಯ.

ಹೊಸೂರಿನ ಬಿಡಿಭಾಗಗಳ ಫ್ಯಾಕ್ಟರಿಯೊಂದರಲ್ಲಿ ನಾನು ಕ್ವಾಲಿಟಿ ವಿಭಾಗದಲ್ಲಿದ್ದೆ. ಮಾಡುತ್ತಿದ್ದದ್ದು ಇಂಜಿನಿಯರ್ ಕೆಲಸ, ಐಡಿ ಕಾರ್ಡಿನಲ್ಲಿ ಇದ್ದದ್ದು ಅಸಿಸ್ಟೆಂಟ್. ಕೇಳಿದಾಗಲೆಲ್ಲ ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು. ಕೊನೆಗೆ ಕೃಷ್ಣಗಿರಿ ಕಡೆಯ ಇನ್ನೊಂದು ಕಂಪನಿಯಿಂದ ಆಫರ್ ಲೆಟರ್ ಬಂತು. ಹುದ್ದೆಯ ಜಾಗದಲ್ಲಿ ಇಂಜಿನಿಯರ್ ಎಂದೇ ಇತ್ತು. ಆದರೆ ತಿಂಗಳೊಳಗೆ ಸೇರಬೇಕು, ಹಳೇ ಕಂಪನಿಯ ರಿಲೀವಿಂಗ್ ಲೆಟರ್ ತರಲೇಬೇಕು. ನಾನಿದ್ದ ಕಡೆ ಕೆಲಸ ಬಿಡೋಕೆ ಮೂರು ತಿಂಗಳ ನೋಟಿಸ್ ಕೊಡಬೇಕಿತ್ತು. ಉಳಿದ ದಿನಗಳಿಗೆ ದುಡ್ಡು ಕಟ್ಟಿ ಬನ್ನಿ, ಅದನ್ನು ನಾವು ಆಮೇಲೆ ಕೊಡ್ತೀವಿ ಅಂದರು ಹೊಸ ಕಂಪನಿಯವರು.

ನಮ್ಮ ವಿಭಾಗದಲ್ಲಿ ತಮಿಳಿನ ಸೀನಿಯರ್ ಒಬ್ಬರಿದ್ದರು, ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಕ್ಯಾಂಟೀನಿನಲ್ಲಿ ನನ್ನ ಅಪಾಯಿಂಟ್‌ಮೆಂಟ್ ಆರ್ಡರ್ ತರಿಸಿ ಓದಿದರು. ಮೂರು ತಿಂಗಳ ನೋಟಿಸ್, ಇಲ್ಲವೇ ಅದರ ಬದಲಿಗೆ ಸಂಬಳ ಎಂದಿತ್ತು. ಮ್ಯಾನೇಜ್‌ಮೆಂಟ್ ಒಪ್ಪಿದರೆ ಮಾತ್ರ ಅನ್ನೋ ಮಾತು ಅದರಲ್ಲಿ ಇರಲಿಲ್ಲ. ಅದೇ ನಿನ್ನ ಬಲ ಅಂದರು. ರಾಜೀನಾಮೆಯಲ್ಲಿ ಆ ಕಲಮನ್ನೇ ತೋರಿಸಿ ಬರಿ. ಕೊನೆಯ ಕೆಲಸದ ದಿನ ಇಂಥದ್ದು ಅಂತ ಹಾಕು. ಉಳಿದ ನೋಟಿಸಿನ ಸಂಬಳವನ್ನು ಫೈನಲ್ ಸೆಟ್ಲ್‌ಮೆಂಟಿನಲ್ಲಿ ಹಿಡಿದುಕೊಳ್ಳಿ, ಸಾಲದಿದ್ದರೆ ಕಟ್ಟುತ್ತೇನೆ ಅನ್ನು. ಒಪ್ಪಿಗೆಯನ್ನು ಬರಹದಲ್ಲಿ ಕೇಳು.

"ಅಷ್ಟೇಮ್ಮಾ. ಅದರ ಮೇಲೆ ಒಂದು ಸಾಲೂ ಬೇಡ," ಅಂದರು.

ಹಾಗೇ ಬರೆದೆ. ಓದಿ ನೋಡಿದರೆ ಕಾಗದ ಒರಟಾಗಿ ಕಂಡಿತು. ಅನ್ನ ಹಾಕಿದ ಜಾಗಕ್ಕೆ ದುಡ್ಡು ಎಸೆದು ಹೋಗೋ ಹಾಗೆ. ಮೂಕಂಡಪಲ್ಲಿಯ ನಮ್ಮ ಬಾಡಿಗೆ ಕೋಣೆಯಲ್ಲಿ ಅಕ್ಕನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಒಲೆ ಮುಂದಿದ್ದವಳು ತಿರುಗಿ, "ಏನೇ ಇದು, ಜಗಳಕ್ಕೆ ಹೋದಂಗೈತೆ. ವಸಿ ತಗ್ಗಿ ಬರಿಯೇ," ಅಂದಳು. ನನಗೂ ಅದೇ ಅನ್ನಿಸಿತ್ತು. ಕೊನೆಗೆ ಒಂದು ಸಾಲು ಸೇರಿಸಿದೆ: ಈ ಕೋರಿಕೆ ಸಾಧ್ಯವಾಗದಿದ್ದಲ್ಲಿ ಪೂರ್ತಿ ನೋಟಿಸ್ ಅವಧಿ ಕೆಲಸ ಮಾಡಲು ಸಿದ್ಧಳಿದ್ದೇನೆ. ಇಂಗ್ಲಿಷಿನಲ್ಲಿ ಅದು ಬಹಳ ಚೆನ್ನಾಗಿ ಬಂದಿತ್ತು. ಬೆಳಿಗ್ಗೆ ಮೇಲ್ ಕಳಿಸಿದೆ. ಅಣ್ಣನಿಗೆ ತೋರಿಸಲಿಲ್ಲ.

ವಾರ ಕಳೆದು ಉತ್ತರ ಬಂತು. ರಾಜೀನಾಮೆ ಅಂಗೀಕರಿಸಲಾಗಿದೆ. ಕೆಲಸದ ಒತ್ತಡದ ಕಾರಣ ಮುಂಚಿತವಾಗಿ ಬಿಡಲು ಆಗುವುದಿಲ್ಲ. ಪೂರ್ತಿ ಅವಧಿ ಇರಲು ತಾವೇ ಒಪ್ಪಿರುವುದಕ್ಕೆ ಧನ್ಯವಾದ.

ಎಚ್‌ಆರ್ ಮೇಡಂ ಹತ್ತಿರ ಹೋಗಿ ಕಲಮು ತೋರಿಸಿದೆ. ಅವರು ಸಿಟ್ಟಾಗಲಿಲ್ಲ, ಕುರ್ಚಿ ಎಳೆದು ಕೂರಿಸಿದರು. ಪ್ರಿಂಟ್ ತೆಗೆದ ನನ್ನ ಕಾಗದದ ಕೊನೆಗೆ ಪೆನ್ನಿಟ್ಟು, "ನೀವೇ ಬರ್ದಿದೀರಲ್ಲಮ್ಮ," ಅಂದರು. ಅದು ನಾನು ಮರ್ಯಾದೆಗೆ ಬರೆದದ್ದಾಗಿತ್ತು. ಆರ್ಡರನ್ನು ಮಡಚಿಕೊಂಡು ಎದ್ದು ಬಂದೆ.

ಹೊಸ ಕಂಪನಿಯವರಿಗೆ ಫೋನ್ ಮಾಡಿದೆ. ಮೂರು ತಿಂಗಳು ಕಾಯೋಕೆ ಆಗಲ್ಲ, ಬೇರೆಯವರನ್ನು ನೋಡ್ತೀವಿ ಅಂದರು. ಅಣ್ಣನಿಗೆ ಕಾಗದ ಒಯ್ದು ತೋರಿಸಿದೆ. ಆ ಸಾಲಿಲ್ಲದಿದ್ದರೆ ವಾದ ಮಾಡಬಹುದಿತ್ತು, ಈಗ ಹಟ ಹಿಡಿದು ಹೋದರೆ ರಿಲೀವಿಂಗ್ ಲೆಟರೂ ಸಿಗಲ್ಲ ಅಂದರು. ರಾಜೀನಾಮೆ ವಾಪಸ್ ತೊಗೊಳ್ತೀನಿ ಅಂತ ಎಚ್‌ಆರ್ ಮೇಡಂಗೆ ಇನ್ನೊಂದು ಕಾಗದ ಕೊಟ್ಟೆ. ಅಂಗೀಕಾರ ಆಗಿಹೋಗಿದೆ, ಆ ಜಾಗಕ್ಕೆ ಆಳು ಗೊತ್ತು ಮಾಡಿಯಾಗಿದೆ ಅಂದರು. ಒಂದೇ ಕಾಗದದಲ್ಲಿ ಎರಡು ಮಾತು ಇಟ್ಟಿದ್ದೆ. ಅವರಿಗೆ ಬೇಕಾದ್ದನ್ನು ತೊಗೊಂಡು ನನಗೆ ಬೇಕಾದ್ದನ್ನು ಬಿಟ್ಟರು.

ಮೂರು ತಿಂಗಳೂ ಒಂದು ದಿನ ರಜೆ ಹಾಕದೆ ಹೋದೆ. ನನ್ನ ಜಾಗಕ್ಕೆ ಬಂದ ಹೊಸಬಳಿಗೆ ಅಳತೆಯ ಗೇಜು ಹಿಡಿಯೋದರಿಂದ ರಿಪೋರ್ಟ್ ತನಕ ಎಲ್ಲ ಕಲಿಸಿದೆ. ಅವಳ ಐಡಿ ಕಾರ್ಡಿನಲ್ಲಿ ಹುದ್ದೆ ಏನಿದೆ ಅಂತ ನೋಡಲಿಲ್ಲ. ಕೊನೆಯ ದಿನ ರಿಲೀವಿಂಗ್ ಲೆಟರ್ ಕೊಟ್ಟರು. ಸ್ವಂತ ಕೋರಿಕೆಯ ಮೇರೆಗೆ ಬಿಡುಗಡೆ ಮಾಡಲಾಗಿದೆ, ನಡತೆ ಉತ್ತಮ ಎಂದಿತ್ತು.

ಅಕ್ಕ ಅದನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಆಮೇಲೆ, "ಊರಾಗೆ ಕೇಳಿದ್ರೆ ಏನಂತ ಹೇಳಾನೆ?" ಅಂದಳು.

"ನಾನೇ ಬಿಟ್ಟೆ ಅಂತ ಹೇಳು," ಅಂದೆ. ಕಾಗದದಲ್ಲೂ ಹಾಗೇ ಇತ್ತು.