ಹುಲಿಗವ್ವನ ಕಚೇರಿ ಮಾತು

ಗಂಗಾವತಿಯ ನಮ್ಮ ಓಣಿಯವರು ಹುಲಿಗವ್ವನ ಬಗ್ಗೆ ಹೇಳುತ್ತಿದ್ದದ್ದು ಒಂದೇ: "ಹೆತ್ತವರು ಸತ್ತ ಮನ್ಯಾಗೂ ಒಂದ್ ತುತ್ತು ಉಣ್ಣಿಸಿ ಬರ್ತಾಳ ಅಕಿ." ಅದು ಬೈಗುಳವೋ ಹೊಗಳಿಕೆಯೋ, ಹೇಳುವವರ ಮುಖ ನೋಡಿ ತಿಳಿಯಬೇಕಿತ್ತು.

ಹುಲಿಗವ್ವನ ತವರು ನವಲಿ. ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ಮನೆಮನೆಗೆ ಹೋಗಿ ಭತ್ತ ಕುಟ್ಟಿಕೊಡುವುದು ಅವಳ ಕಸುಬು. ಜೊತೆಗಾತಿ ಹಿಂದಿನ ಓಣಿಯ ನೂರಜಾನಬಿ. ಒರಳು ಒಂದು, ಒನಕೆ ಎರಡು. ಇವಳದು ಇಳಿದಾಗ ಅವಳದು ಏಳಬೇಕು. ಒಬ್ಬಳ ಉಸಿರು ಇನ್ನೊಬ್ಬಳಿಗೆ ಗೊತ್ತಿಲ್ಲದಿದ್ದರೆ ಬೆರಳು ಜಜ್ಜಿ ಹೋಗುತ್ತವೆ. ಹತ್ತು ವರ್ಷ ಕುಟ್ಟಿದರೂ ಇಬ್ಬರ ಬೆರಳೂ ನೆಟ್ಟಗಿದ್ದವು.

ಕುಟ್ಟಲು ಹೋದ ಮನೆಗಳಿಂದಲೇ ಹುಲಿಗವ್ವನಿಗೆ ಕನ್ನಡದ ಜೊತೆ ಇನ್ನೆರಡು ಭಾಷೆ ಬಂದವು. ಸಾವಿನ ಮನೆಯಲ್ಲಿ ಏನು ಆಡಬೇಕೆಂಬುದೂ ಬಂತು. ನಮ್ಮವರಲ್ಲಾದರೆ "ಹಿಂಗಾಗಬಾರದಿತ್ತು ನೋಡವ್ವ" ಎನ್ನಬೇಕು. 'ಸಾವು' ಎಂಬ ಮಾತು ಬಾಯಿಗೆ ಬರಬಾರದು. ಕೂತು, "ಕಡೀಗೆ ಏನಂದ್ರು?" ಎಂದು ಕೇಳಿ, ಅವರು ಹೇಳಿಕೊಳ್ಳುವುದನ್ನು ಕೇಳಬೇಕು. ಏಳುವಾಗ "ಬರ್ತೀನಿ" ಎನ್ನದೆ ಸುಮ್ಮನೆ ಎದ್ದುಬಿಡಬೇಕು. ಆದವಾನಿಯಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದ ಪಂಪಮ್ಮನ ತೆಲುಗಿನಲ್ಲಾದರೆ "ಊರುಕೋ ತಲ್ಲಿ", ಸುಮ್ಮನಾಗು ತಾಯಿ, ಎಂದು ಬೆನ್ನು ಸವರಿದರೆ ಸಾಕು. ಸಾಬರ ಮನೆಯಲ್ಲಿ "ಕ್ಯಾ ಕರ್ತೆ ಮಾ, ಅಲ್ಲಾ ಕೀ ಮರ್ಜಿ", ಏನು ಮಾಡೋದವ್ವ, ಅಲ್ಲಾನ ಇಚ್ಛೆ. ಎಲ್ಲ ಕಡೆಯೂ ಮಾತು ಗಿಡ್ಡ, ಕೂರುವುದು ಉದ್ದ.

ಇಷ್ಟು ಬಲ್ಲವಳು ೧೯೩೮ರ ಸುಗ್ಗಿಯಲ್ಲಿ ಎಡವಿದಳು.

ನೂರಜಾನಬಿಯ ತಾಯಿ, ಮೊಮ್ಮಕ್ಕಳ ಮಕ್ಕಳನ್ನು ಕಂಡ ಮುದುಕಿ, ಹತ್ತಿರದ ಮರಳಿ ಊರಿನಲ್ಲಿ ತೀರಿಕೊಂಡಳು. ಗೆಳತಿಯ ತಾಯಿಗೆ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರೆ ಹೇಗೆ ಎಂದು ಹುಲಿಗವ್ವನಿಗೆ ಅನಿಸಿತು. ತಾಲೂಕು ಕಚೇರಿಯ ಜವಾನ ಹೊಳಿಯಪ್ಪನನ್ನು ಹಿಡಿದು ಒಂದು ಮುಂಜಾನೆಯೆಲ್ಲ ಕಚೇರಿಯ ಉರ್ದು ಕಲಿತಳು; ಆಗ ಸರಕಾರದ ಕಾಗದವೆಲ್ಲ ಉರ್ದುವಿನಲ್ಲೇ. ಮರಳಿಗೆ ಹೋಗಿ, ಅಳುವ ಹೆಂಗಸರ ನಡುವೆ ಕೈಕಟ್ಟಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದಳು: "ಆಪ್ ಕೀ ವಾಲಿದಾ ಮರ್ಹೂಮಾ ಕೇ ಇಂತಖಾಲ್ ಪರ್ ನಿಹಾಯತ್ ಅಫ್ಸೋಸ್ ಹುವಾ!" ನಿಮ್ಮ ದಿವಂಗತ ಮಾತೃಶ್ರೀಯವರ ನಿಧನಕ್ಕೆ ಅತೀವ ವಿಷಾದವಾಯಿತು, ಎಂದು.

ಅಳು ನಿಂತಿತು. ಹೆಂಗಸರು ಸೆರಗು ಸರಿಮಾಡಿಕೊಂಡರು. ನೂರಜಾನಬಿ ಎದ್ದು ಚಾಪೆ ಹಾಸಿ, "ಬರ್ರಿ, ಕುಂದರ್ರಿ" ಎಂದಳು.

'ಕುಂದರ್ರಿ'! ಹತ್ತು ವರ್ಷದಲ್ಲಿ ಅವಳು ಎಂದೂ 'ರಿ' ಹಚ್ಚಿರಲಿಲ್ಲ. ಹುಲಿಗವ್ವ ಚಾಪೆಯ ತುದಿಯಲ್ಲಿ ಪರದೇಶಿಯಂತೆ ಕೂತು ಎದ್ದು ಬಂದಳು. ಇನ್ನು ಆ ಒರಳಿಗೆ ಎರಡನೇ ಒನಕೆ ಬಂದೀತೇ ಎಂಬ ಭಯ ಅವಳನ್ನು ತಿನ್ನತೊಡಗಿತು.

ಪಂಪಮ್ಮ ಕೇಳಿ ಹಣೆ ಬಡಿದುಕೊಂಡಳು. "ಗೆಳತಿ ಮನಿಗಿ ಹೋಗಿ ಅರ್ಜಿ ಓದಿ ಬಂದ್ಯಾ? ನಮ್ಮಪ್ಪ ಹೋದಾಗ ನನಗೇನಂದಿದ್ದಿ?"

"ನೆಪ್ಪಿಲ್ಲವ್ವ."

"'ತಿನ್ನಾವಾ?' ಅಂದಿ. ಉಂಡ್ಯಾ ಅಂತ ಕೇಳ್ದಿ, ಅಷ್ಟ! ಅದಽ ಇನ್ನೂ ಕಿವ್ಯಾಗ ಐತಿ. ಮತ್ತ ಬರಿಗೈಲೆ ಹೋಗಿದ್ಯಾ? ಒಲಿ ಹಚ್ಚದ ಮನಿಗಿ?"

ಹೌದು, ಮಾತು ಕಲಿಯುವ ಗಡಿಬಿಡಿಯಲ್ಲಿ ಬುತ್ತಿಯೇ ಮರೆತುಹೋಗಿತ್ತು.

ಮರುದಿನ ಹುಲಿಗವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಮತ್ತೆ ಮರಳಿಗೆ ನಡೆದಳು. ಈ ಸಲ ಚಾಪೆ ನೋಡಲಿಲ್ಲ. ನೆಲಕ್ಕೆ ಕೂತು, ಗಂಟು ಬಿಚ್ಚಿ, ತುತ್ತು ಮುರಿದಳು.

"ಬಾಯಿ ತೆಗಿ ನೂರಿ. ಕ್ಯಾ ಕರ್ತೆ ಮಾ... ನಮ್ಮವ್ವ ಕಡೀಗೆ ಏನಂದ್ಲ?"

ನೂರಜಾನಬಿ ತುತ್ತು ನುಂಗಿದಳು. "ಆ ಹುಲಿಗಿ ನನ್ನ ಅಡಿಕಿ ಎಲ್ಲಾ ತಿಂದು ಖಾಲಿ ಮಾಡ್ಯಾಳ, ಬಂದ್ರ ಕೊಡಬ್ಯಾಡ ಅಂದ್ಲಕ್ಕಾ!"

ಇಬ್ಬರೂ ತಬ್ಬಿಕೊಂಡು ಅತ್ತರು. ಅಳುತ್ತಲೇ ನಕ್ಕರು.

"ನಿನ್ನಿ ಯಾರೋ ಸರಕಾರದವ್ರು ಬಂದಿದ್ರಕ್ಕಾ," ಎಂದಳು ನೂರಜಾನಬಿ, ಕಣ್ಣೊರೆಸಿಕೊಳ್ಳುತ್ತ. "ನಿನ್ನ ಸೀರಿನಽ ಉಟ್ಟಿದ್ರು."

"ಸಾಕ್ ಸುಮ್ಕಿರಽ!"

ಮುಂದೆ ಭತ್ತ ಕುಟ್ಟುವಾಗ ಬೇಸರವಾದರೆ ನೂರಜಾನಬಿ 'ನಿಹಾಯತ್ ಅಫ್ಸೋಸ್' ಎನ್ನುವಳು. ಒನಕೆಗಳು ನಗುವಿಗೆ ತಾಳ ತಪ್ಪುತ್ತಿದ್ದವು.

೧೯೪೬ರಲ್ಲಿ, ಕುಟ್ಟಿ ಕುಟ್ಟಿ ಬೆನ್ನು ಗೂನಾಗಿದ್ದ ಹುಲಿಗವ್ವ ನಾಲ್ಕು ದಿನ ಮಲಗಿ ಹೋದಳು. ನವಲಿಯಿಂದ ತಮ್ಮನ ಮಕ್ಕಳು ಬಂದು, ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನ ಕಟ್ಟಿಸಿ, ಪಡಸಾಲೆಯಲ್ಲಿ ಕೂತಿದ್ದರು. ಓಣಿಯ ಹೆಂಗಸರು ಮಾತ್ರ ಅವರನ್ನು ದಾಟಿ ಒಳಗೆ ಹೋಗಿ, ಒಲೆಯ ಬಳಿಯಿದ್ದ ನೂರಜಾನಬಿಯ ಮಗ್ಗುಲಲ್ಲಿ ಕೂತರು.

"ಹಿಂಗಾಗಬಾರದಿತ್ತು ನೋಡವ್ವ ನೂರಿ."

"ಊರುಕೋ ತಲ್ಲಿ," ಎಂದು ಪಂಪಮ್ಮ ಬೆನ್ನು ಸವರಿದಳು. "ಕಡೀಗೆ ಏನಂದ್ಲ ನಿಮ್ಮಕ್ಕ?"

"ವಿಮಾನದಾಗ ನೆಟ್ಟಗ ಕುಂದರಸ್ರಿ, ಬೆನ್ನಿನ ಗೂನು ಊರಿಗೆ ಕಾಣಬಾರದು ಅಂದ್ಲು!"

ಒಳಗೆದ್ದ ನಗು ಕೇಳಿ ಪಡಸಾಲೆಯ ನೆಂಟರು ಬೆರಗಾದರು. ಹೆಣ ಕೂರಿಸುವಾಗ ಗೂನಿನ ಹಿಂದೆ ಇನ್ನೊಂದು ಕೌದಿ ಒತ್ತಿ, ನೂರಜಾನಬಿ ತಾನೇ ಸೆರಗು ಸರಿಮಾಡಿದಳು. ಹೊರಗೆ ಹಲಿಗೆ ಮೊಳಗಿತು. ಹೂವಿನ ವಿಮಾನದಲ್ಲಿ ಹುಲಿಗವ್ವ ಹರೆಯದವಳಂತೆ ನೆಟ್ಟಗೆ ಕೂತು ಹೊಸ್ತಿಲು ದಾಟಿದಳು.