ಬದಲಾವಣೆಗಳನ್ನು ಇದೆಮಾಡಿದ ಪ್ರಬಂಧ

ಪಿಎಚ್.ಡಿ. ಪ್ರಬಂಧವನ್ನು ಪೂರ್ತಿ ಓದುವ ಪರೀಕ್ಷಕನೆಂಬ ಕುಖ್ಯಾತಿ ನನಗಿದೆ. ಆದರೂ ಪುತ್ತೂರಿನ ಸಂಶೋಧನಾ ಕೇಂದ್ರದ ಪ್ರಬಂಧವೊಂದು ನನ್ನ ಪಾಲಿಗೆ ಬಂತು. ಪುತ್ತೂರು, ಸುಳ್ಯ, ಕಡಬದ ಆಡುಗನ್ನಡದ ಕ್ರಿಯಾಪದಗಳ ಅಧ್ಯಯನ. ಮೇಷ್ಟರಿಕೆ ಹೊರಗಿನ ವಿಶ್ವವಿದ್ಯಾಲಯದಲ್ಲಾದರೂ ನಾನು ಹುಟ್ಟಿದ್ದು ಅದೇ ಕಡಬದ ಆಲಂಕಾರಿನಲ್ಲಿ, ಖುಷಿಯಿಂದಲೇ ಒಪ್ಪಿದೆ.

ಖುಷಿ ಅನುಬಂಧದವರೆಗೆ ಬಾಳಿತು. ಅಲ್ಲಿ ಧ್ವನಿಮುದ್ರಿಸಿದ ಮಾತುಗಳ ಬರಹರೂಪವಿತ್ತು. ಕೊಲ್ಲಮೊಗ್ರಿನ ಅಜ್ಜಿ "ಹಟ್ಟಿಯಲ್ಲಿ ದನ ಇದೆ ಮಾರಾಯ್ರೆ" ಎನ್ನುತ್ತಾರೆ. ಸಂಪಾಜೆಯ ಅಂಗಡಿಯವರು "ಬೆಲ್ಲ ಇದೆ, ಎಂತ ಬೇಕು?" ಎನ್ನುತ್ತಾರೆ. ಇಡೀ ಪ್ರಬಂಧದಲ್ಲಿ ನಮ್ಮ ಕಡೆಯ ಒಂದೇ ಒಂದು 'ಉಂಟು' ಇಲ್ಲ! ಮೂರು ತಾಲೂಕಿನವರೆಲ್ಲ ನನಗೆ ಹೇಳದೆ ಭಾಷೆ ಬದಲಿಸಿಕೊಂಡರೇ? ನಾಲ್ಕನೆಯ ಅಧ್ಯಾಯದಲ್ಲಿ ಕಳ್ಳ ಸಿಕ್ಕಿಬಿದ್ದ: "ತುಳುವಿನ ಪ್ರಭಾವವು ಅನೇಕ ಬದಲಾವಣೆಗಳನ್ನು ಇದೆಮಾಡಿದೆ." ಕಂಪ್ಯೂಟರಿಗೆ ಒಂದೇ ಅಪ್ಪಣೆ ಕೊಟ್ಟು ಎಲ್ಲ 'ಉಂಟು'ಗಳನ್ನೂ 'ಇದೆ' ಮಾಡಿದ್ದರು. ಮೊದಲು ನಗು ಬಂತು, ಆಮೇಲೆ ಸಿಟ್ಟು.

ಅಷ್ಟರಲ್ಲಿ ಆ ಪ್ರಬಂಧದ ಮಾರ್ಗದರ್ಶಕರ ಫೋನು. ವರದಿ ಗೋಪ್ಯ, ಪರೀಕ್ಷಕರನ್ನು ವಿಚಾರಿಸಬಾರದು ಎಂಬುದು ನಿಯಮ. ಅವರು ಕ್ಷೇಮಸಮಾಚಾರ ಕೇಳಲಷ್ಟೇ ಮಾಡಿದ್ದು.

"ಎಂತ ಮಾರಾಯ್ರೆ, ಪ್ರಬಂಧದಲ್ಲಿ ತೊಂದರೆ ಎಂತಾದ್ರೂ ಉಂಟಾ? ಪಾಪದ ಹುಡುಗಿ, ಕಾಯಂ ಕೆಲಸದ ಸಂದರ್ಶನ ಹತ್ತಿರ ಬಂತು."

"ನಿಮ್ಮಲ್ಲಿ ಮಳೆ ಉಂಟಾ?" ಎಂದು ಕೇಳಿ ಫೋನಿಟ್ಟೆ.

ವರದಿಯ ಮಾನದಂಡಗಳನ್ನು ಮತ್ತೆ ನೋಡಿದೆ. ಸ್ವಂತಿಕೆ ಇತ್ತು. ವಿಶ್ಲೇಷಣೆ ಹಲವು ಕಡೆ ನನಗಿಂತ ಚುರುಕಾಗಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆದರೆ ಆಕರಗಳ ವಿಶ್ವಾಸಾರ್ಹತೆ? ಆ ಸಾಲಿನ ಎದುರು "ಸಂಶಯಾಸ್ಪದ" ಎಂದು ಬರೆದೆ. ಶಿಫಾರಸು: ಮೌಖಿಕ ಪರೀಕ್ಷೆ ನಡೆಯಲಿ, ಅಂತಿಮ ತೀರ್ಮಾನ ಅಲ್ಲಿನ ಉತ್ತರದ ಮೇಲೆ. ಪ್ರಶ್ನೆಗಳಲ್ಲಿ ಮೊದಲನೆಯದು: ಮೂಲ ಧ್ವನಿಮುದ್ರಣ, ತಿದ್ದದ ಬರಹ ಉಳಿದಿವೆಯೇ? ಉಳಿದಿದ್ದರೆ ತಿದ್ದುಪಡಿಯ ನಂತರ ಪದವಿ. ಇಲ್ಲದಿದ್ದರೆ ಹೊಸ ಕ್ಷೇತ್ರಕಾರ್ಯ, ಮರುಸಲ್ಲಿಕೆ. ಸಂದರ್ಶನ ಕೈತಪ್ಪಿದಂತೆಯೇ.

ಮೌಖಿಕ ಪರೀಕ್ಷೆಯ ದಿನ ಪುತ್ತೂರಿನ ಕೇಂದ್ರದ ಕೋಣೆಯಲ್ಲಿ ಪ್ರಬಂಧ ಬರೆದ ಸುಳ್ಯದ ಹುಡುಗಿ ಎದ್ದು ನಿಂತಳು. ನಾನು ಅನುಬಂಧ ತೆರೆದು ಕೇಳಿದೆ:

"ಇವರ 'ಉಂಟು'ಗಳನ್ನು ಬದಲಿಸಿದ್ದು ಯಾಕಮ್ಮ?"

ಅವಳು ಮಾರ್ಗದರ್ಶಕರತ್ತ ನೋಡಿದಳು. ಅವರು ಫ್ಯಾನಿನತ್ತ ನೋಡಿದರು.

"ಪ್ರಬಂಧದ ಭಾಷೆ ಶುದ್ಧ ಇರ್ಬೇಕು ಅಂತ ಹೇಳಿದ್ರು ಸರ್."

ಯಾರು ಎಂದು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

"ಮೂಲ ಉಂಟಾ?"

"ಉಂಟು ಸರ್! ರೆಕಾರ್ಡಿಂಗೂ ಉಂಟು, ಮೊದಲು ಬರೆದದ್ದೂ ಉಂಟು."

ಮಾರ್ಗದರ್ಶಕರು ಮುಂದೆ ಬಾಗಿ ಪಿಸುಗುಟ್ಟಿದರು: "ಇದೆ ಅಂತ ಹೇಳಮ್ಮ."

ಅವಳು ಅವರತ್ತ ತಿರುಗಲಿಲ್ಲ. "ಉಂಟು ಸರ್," ಎಂದಳು ಮತ್ತೊಮ್ಮೆ, ನನ್ನನ್ನೇ ನೋಡುತ್ತಾ.

ಮೂಲವನ್ನು ತಾಳೆ ನೋಡಿ, ಮಾತುಗಳನ್ನು ಇದ್ದಂತೆಯೇ ಮರಳಿಸಿದ ಮೇಲೆ ಪದವಿ ನೀಡಬಹುದು ಎಂದು ಬರೆದು ಸಹಿ ಹಾಕಿದೆ. ಮಾರ್ಗದರ್ಶಕರ ಮುಖ ಅರಳಿತು.

"ಬನ್ನಿ ಮಾರಾಯ್ರೆ ಊಟಕ್ಕೆ," ಎಂದರು, "ಪಾಯಸ ಉಂಟು."