ಕೊನೇ ಪಂಕ್ತಿಯ ಲಾಡು

ಚಳ್ಳಕೆರೆಯಲ್ಲಿ ನಮ್ಮ ಸಮಾಜದ ಊಟಕ್ಕೆ ಅಂದಾಜು ಹಾಕಿದವನು ನಾನೇ. ಸಾವಿರ ಜನಕ್ಕೆ ಒಂದು ಕ್ವಿಂಟಾಲ್ ಅಕ್ಕಿ, ಇನ್ನೂರು ಲೀಟರ್ ಸಾಂಬಾರು, ತಲೆಗೆರಡರಂತೆ ಎರಡು ಸಾವಿರ ಲಾಡು. ಇನ್ನೂರೈವತ್ತು ಎಲೆಯ ನಾಲ್ಕು ಪಂಕ್ತಿ.

ಮೊದಲ ಪಂಕ್ತಿಗೆ ಮುಖಂಡರು ಕೂತರು. ಬಡಿಸುವವರು ಮರ್ಯಾದೆಗೆಂದು, ಬೇಡ ಬೇಡ ಅಂದರೂ ನಾಲ್ಕು ನಾಲ್ಕು ಲಾಡು ಇಟ್ಟರು. ಎಲೆ ಎತ್ತುವಾಗ ಅರ್ಧ ಕಚ್ಚಿದ ಲಾಡುಗಳು ಸಾಂಬಾರಿನಲ್ಲಿ ನೆನೆದು ಬಿದ್ದಿದ್ದವು. ನನಗೆ ಹೇಸಿಗೆಯಾಯಿತು.

ಕೊನೇ ಪಂಕ್ತಿಯಲ್ಲಿ ಮೊಳಕಾಲ್ಮೂರು ಕಡೆಯಿಂದ ಬಂದ ಕುರಿಗಾಹಿ ಕುಟುಂಬಗಳು ಕೂತಿದ್ದವು. ಲಾಡಿನ ಬುಟ್ಟಿ ಖಾಲಿ. ಒಬ್ಬ ಅಜ್ಜಿ, “ಸಿಹಿ ಇಲ್ವೇನಪ್ಪ?” ಅಂದಳು. ನಾನು ತಲೆ ತಗ್ಗಿಸಿ, “ಮುಗಿದೈತವ್ವ” ಅಂದೆ.

ಮೊದಲ ಪಂಕ್ತಿಯಲ್ಲೇ ಉಂಡು ಕೂತಿದ್ದ ಸಮಾಜದ ಅಧ್ಯಕ್ಷರಿಗೆ ವಿಷಯ ಹೇಳಿದೆ. ಅವರು ಹಲ್ಲು ಕೆದಕುತ್ತಾ ಅಂದರು: “ಮುಂದಿನ ಸಲ ಕೊನೇ ಪಂಕ್ತಿಗೆ ಲಾಡು ಬರೀಲೇಬೇಡ್ರಿ, ಲೆಕ್ಕ ಸರಿಹೋಗ್ತೈತೆ.”